ಕ್ಯಾಬಿನೆಟ್ ಒಳಗೆ ಧೂಳು, ಬಿಸಿ, ಸದ್ದು: ತಪ್ಪು ಫ್ಯಾನಿನದಾ, ಫ್ಯಾನ್ ಕೂತ ಜಾಗದ್ದಾ?

ಹೋದ ಬೇಸಿಗೆ ಹುಬ್ಬಳ್ಳಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಗೇಮ್ ಚಾಲೂ ಮಾಡಿ ಇಪ್ಪತ್ತು ನಿಮಿಷಕ್ಕ ಮಿಕ್ಸರ್ ಥರ ಸಪ್ಪಳ ಬರ್ತೈತಿ. ಇನ್ನ ಎರಡು ಫ್ಯಾನ್ ಹಾಕ್ಸಬೇಕೇನು?" ಅವನ ಕ್ಯಾಬಿನೆಟ್‌ನಲ್ಲಿ ಆಗಲೇ ನಾಲ್ಕು ಫ್ಯಾನ್ ಇದ್ದವು. ಮುಂದೆ ಒಂದು ಗಾಳಿ ಒಳಗೆ ಎಳೆಯುತ್ತಿತ್ತು. ಮೇಲೆ ಎರಡು, ಹಿಂದೆ ಒಂದು, ಮೂರೂ ಹೊರಗೆ ತಳ್ಳುತ್ತಿದ್ದವು. ಫ್ಯಾನ್ ತರಿಸಬೇಡ, ಮೊದಲು ಒಂದು ಟಿಶ್ಯೂ ಪೇಪರ್ ತಗೋ ಅಂದೆ. ಯಾಕೆ ಹಾಗಂದೆ ಅನ್ನೋದನ್ನ, ನಿಮ್ಮ ಕಂಪ್ಯೂಟರಿನಲ್ಲೂ ಪರೀಕ್ಷೆ ಮಾಡಿ ನೋಡುವ ಹಾಗೆ, ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು

ಮೂರು ಅಂಕಿ ಬರೆದಿಟ್ಟುಕೊಳ್ಳಿ: ಕೋಣೆಯ ಬಿಸಿ, ಗ್ರಾಫಿಕ್ಸ್ ಕಾರ್ಡಿನ ಬಿಸಿ, ಪ್ರೊಸೆಸರಿನ ಬಿಸಿ. ಒಳಗಿನ ಎರಡನ್ನೂ HWiNFO ಅನ್ನುವ ಸಾಫ್ಟ್‌ವೇರ್ ತೋರಿಸುತ್ತದೆ. ನೀವು ಯಾವಾಗಲೂ ಆಡುವ ಗೇಮನ್ನೇ ಅರ್ಧ ಗಂಟೆ ಓಡಿಸಿ, ಅಂಕಿ ಏರುವುದು ನಿಂತ ಮೇಲೆ ಬರೆದುಕೊಳ್ಳಿ. ಐದು ನಿಮಿಷಕ್ಕೆ ನೋಡಿದ ಅಂಕಿ ಪ್ರಯೋಜನಕ್ಕೆ ಬರುವುದಿಲ್ಲ. ಕ್ಯಾಬಿನೆಟ್ ಒಳಗಿನ ಗಾಳಿ ಪೂರ್ತಿ ಬಿಸಿಯಾಗಲು ಅಷ್ಟು ಹೊತ್ತು ಸಾಲುವುದಿಲ್ಲ.

ಕೋಣೆಯ ಬಿಸಿ ಯಾಕೆ ಅಂದರೆ, ಫ್ಯಾನ್ ಕೊಡುವುದು ಕೋಣೆಯ ಗಾಳಿಯನ್ನೇ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕೋಣೆ 38 ಡಿಗ್ರಿ ಇದ್ದರೆ ಕಾರ್ಡ್ 80 ತೋರಿಸಬಹುದು. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿ 24 ಇದ್ದಾಗ ಅದೇ ಕಾರ್ಡ್ 66 ತೋರಿಸಬಹುದು. ಎರಡರಲ್ಲೂ ವ್ಯತ್ಯಾಸ 42. ಅಂದರೆ ಗಾಳಿಯ ಓಡಾಟದಲ್ಲಿ ಏನೂ ಬದಲಾಗಿಲ್ಲ. ಹೋಲಿಸುವಾಗ ಈ ವ್ಯತ್ಯಾಸವನ್ನೇ ಹೋಲಿಸಿ.

ಒಳಗೆ ಕೈ ಹಾಕುವ ಮುನ್ನ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಹಿಂದಿನ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತುಬಿಡಿ. ಯುಪಿಎಸ್ ಇದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಯುಪಿಎಸ್ ಕರೆಂಟ್ ಕೊಡುತ್ತಲೇ ಇರುತ್ತದೆ. ವೈರ್ ಕಿತ್ತ ಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿ, ಉಳಿದ ಚಾರ್ಜ್ ಇಳಿಯುತ್ತದೆ. ಬಾಗಿಲು ತೆಗೆದು ಓಡಿಸುವ ಪರೀಕ್ಷೆಯೂ ಮುಂದೆ ಬರುತ್ತದೆ. ಆಗ ಮಕ್ಕಳು ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ, ಒಳಗೆ ಬೆರಳು ಹಾಕಬೇಡಿ.

ಲಕ್ಷಣ: ಮುಂದಿನ ಜಾಲರಿ ಸ್ವಚ್ಛ, ಹಿಂದಿನ ಸಂದುಗಳಲ್ಲಿ ಧೂಳು

ಇದನ್ನು ನೋಡುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಕ್ಯಾಬಿನೆಟ್ ತಿರುಗಿಸಿ ಟಾರ್ಚ್ ಬಿಡಿ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಖಾಲಿ ಸ್ಲಾಟ್‌ಗಳನ್ನು ಮುಚ್ಚಿರುವ ಉದ್ದನೆಯ ತಗಡಿನ ಪಟ್ಟಿಗಳಿರುತ್ತವೆ. ಅವುಗಳ ಸಂದಿನಲ್ಲಿ, ಸುತ್ತಲಿನ ಸಣ್ಣ ತೂತುಗಳ ಅಂಚಿನಲ್ಲಿ, ಖಾಲಿ ಯುಎಸ್‌ಬಿ ಕಿಂಡಿಗಳಲ್ಲಿ ಬೂದು ಬಣ್ಣದ ಮೀಸೆಯ ಹಾಗೆ ಧೂಳು ಕೂತಿದೆಯಾ? ಆ ಜಾಗದಿಂದ ಗಾಳಿ ಒಳಗೆ ಹೋಗುತ್ತಿದೆ. ನೀವು ಕಾಸು ಕೊಟ್ಟು ಮುಂದೆ ಹಾಕಿಸಿದ ಫಿಲ್ಟರ್ ಜಾಲರಿಯನ್ನು ತಪ್ಪಿಸಿಕೊಂಡು ಹಿಂಬಾಗಿಲಿನಿಂದ ನುಗ್ಗುತ್ತಿದೆ.

ಕಾರಣ ಸರಳ. ಕ್ಯಾಬಿನೆಟ್‌ಗೆ ಎಷ್ಟು ಗಾಳಿ ಬರುತ್ತದೋ ಅಷ್ಟೇ ಗಾಳಿ ಹೊರಗೆ ಹೋಗಲೇಬೇಕು. ಲೆಕ್ಕ ತಪ್ಪುವ ಹಾಗೇ ಇಲ್ಲ. ಹೊರಗೆ ತಳ್ಳುವ ಫ್ಯಾನ್‌ಗಳ ಜೋರು ಜಾಸ್ತಿ ಇದ್ದರೆ, ಒಳಗೆ ಎಳೆಯುವ ಫ್ಯಾನ್ ಕೊಡದ ಗಾಳಿಯನ್ನು ಕ್ಯಾಬಿನೆಟ್ ಸಿಕ್ಕ ಸಿಕ್ಕ ತೂತಿನಿಂದ ಹೀರಿಕೊಳ್ಳುತ್ತದೆ. ಇದಕ್ಕೆ ನೆಗೆಟಿವ್ ಪ್ರೆಷರ್ ಅನ್ನುತ್ತಾರೆ. ಒಳಗೆ ಎಳೆಯುವ ಜೋರು ಸ್ವಲ್ಪ ಜಾಸ್ತಿ ಇದ್ದರೆ ತಿರುಗುಮುರುಗು: ಹೆಚ್ಚಾದ ಗಾಳಿ ಅದೇ ಸಂದುಗಳಿಂದ ಹೊರಗೆ ಸೋರುತ್ತದೆ. ಇದು ಪಾಸಿಟಿವ್ ಪ್ರೆಷರ್. ಆಗ ಗಾಳಿ ಒಳಗೆ ಬರುವ ದಾರಿ ಫ್ಯಾನಿನ ಮುಂದಿನ ಜಾಲರಿ ಒಂದೇ. ಧೂಳು ಅಲ್ಲಿ ಸಿಕ್ಕಿಕೊಳ್ಳುತ್ತದೆ, ನೀವು ಅದನ್ನು ತೊಳೆಯಬಹುದು.

ಪಾಸಿಟಿವ್ ಪ್ರೆಷರ್ ಅಂದಾಕ್ಷಣ ಒಳಗೆ ಗಾಳಿ ಒತ್ತಿ ತುಂಬಿದ ಹಾಗೆ ಅಂದುಕೊಳ್ಳಬೇಡಿ. ಒತ್ತಡದ ವ್ಯತ್ಯಾಸ ತೀರಾ ಸಣ್ಣದು, ಟಿಶ್ಯೂ ಅಲುಗಾಡುವಷ್ಟು. ಅದು ಪ್ರೊಸೆಸರನ್ನು ನೇರವಾಗಿ ತಂಪು ಮಾಡುವುದಿಲ್ಲ. ಅದರ ಕೆಲಸ ಧೂಳಿನ ದಾರಿಯನ್ನು ನಿರ್ಧರಿಸುವುದು. ತಂಪು ಮಾಡುವುದು ಬಿಸಿಯಾದ ಭಾಗದ ಮೇಲೆ ಹಾಯುವ ಹೊಸ ಗಾಳಿ. ಈ ಎರಡನ್ನು ಬೆರೆಸಿಕೊಂಡೇ ಜನ ಸುಮ್ನೆ ಫ್ಯಾನ್ ಮೇಲೆ ಫ್ಯಾನ್ ಹಾಕಿಸುತ್ತಾರೆ.

ಈಗ ಟಿಶ್ಯೂ ಪರೀಕ್ಷೆ. ಎಲ್ಲ ಬಾಗಿಲು ಮುಚ್ಚಿ, ಗೇಮ್ ಓಡಿಸಿ. ಬೆರಳಗಲದ ಟಿಶ್ಯೂ ಪಟ್ಟಿ ಹರಿದು, ಮೇಲ್ತುದಿ ಹಿಡಿದು, ಹಿಂದಿನ ಖಾಲಿ ಸ್ಲಾಟ್‌ಗಳಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಇಳಿಬಿಡಿ. ಪಟ್ಟಿ ತಗಡಿಗೆ ಹೋಗಿ ಅಂಟಿಕೊಂಡರೆ ನೆಗೆಟಿವ್. ನಿಮ್ಮ ಕಡೆ ಹಾರಿದರೆ ಪಾಸಿಟಿವ್. ಸುಮ್ಮನೆ ತೂಗುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಸಮ. ಗ್ರಾಫಿಕ್ಸ್ ಕಾರ್ಡಿನ ತೂತುಗಳ ಮುಂದೆ, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯ ಮುಂದೆ ಹಿಡಿದು ನೋಡಬೇಡಿ. ಅವುಗಳ ಸ್ವಂತ ಫ್ಯಾನಿನ ಗಾಳಿ ಅಲ್ಲಿ ಬರುವುದರಿಂದ ಉತ್ತರ ತಪ್ಪುತ್ತದೆ. ಊದುಬತ್ತಿ ಹೊಗೆಯಲ್ಲೂ ನೋಡಬಹುದು, ಚೆನ್ನಾಗಿ ಕಾಣಿಸುತ್ತದೆ. ಆದರೆ ಕಿಡಿ, ಬೂದಿ ಒಳಗೆ ಹೋಗುವ ಭಯ ಇರುವುದರಿಂದ ನನಗೆ ಟಿಶ್ಯೂವೇ ಇಷ್ಟ.

ಹುಬ್ಬಳ್ಳಿಯಿಂದ ವಿಡಿಯೋ ಬಂತು. ಪಟ್ಟಿ ಪಟ್ ಅಂತ ತಗಡಿಗೆ ಅಂಟಿಕೊಂಡಿತ್ತು.

ಲಕ್ಷಣ: ಆಡುವಾಗ ವಿಪರೀತ ಬಿಸಿ, ಪಕ್ಕದ ಬಾಗಿಲು ತೆಗೆದರೆ ತಂಪು

ಇಲ್ಲಿ ಎರಡು ಪರೀಕ್ಷೆ ಬೇಕು, ಒಂದರ ಹಿಂದೆ ಒಂದು. ಮೊದಲು ಪಕ್ಕದ ಬಾಗಿಲು ತೆಗೆದು ಅದೇ ಗೇಮನ್ನು ಅರ್ಧ ಗಂಟೆ ಓಡಿಸಿ. ಕಾರ್ಡಿನ ಬಿಸಿ ಎರಡು ಮೂರು ಡಿಗ್ರಿ ಇಳಿದರೆ ಕ್ಯಾಬಿನೆಟ್ ಚೆನ್ನಾಗಿಯೇ ಉಸಿರಾಡುತ್ತಿದೆ, ಫ್ಯಾನ್ ಜಾಗ ಬದಲಿಸಿ ಗಳಿಸುವುದು ಹೆಚ್ಚೇನಿಲ್ಲ. ಹತ್ತು ಡಿಗ್ರಿಯಷ್ಟು ಇಳಿದರೆ ಅದಕ್ಕೆ ಉಸಿರು ಕಟ್ಟಿದೆ.

ಎರಡನೆಯದು ಯಾವ ಕಡೆ ಕಟ್ಟಿದೆ ಅನ್ನುವುದನ್ನು ಹೇಳುತ್ತದೆ. ಪಕ್ಕದ ಬಾಗಿಲು ಮತ್ತೆ ಹಾಕಿ, ಈಗ ಮುಂದಿನ ಮುಖವಾಡ ಮಾತ್ರ ಕಳಚಿ. ಸಾಮಾನ್ಯವಾಗಿ ಕೆಳಗೆ ಬೆರಳು ತೂರಿಸಿ ಎಳೆದರೆ ಬರುತ್ತದೆ. ಲೈಟಿನ ವೈರ್ ಅಂಟಿಕೊಂಡಿರಬಹುದು, ನಿಧಾನ. ಬಿಸಿ ಬಾಗಿಲು ತೆಗೆದಾಗಿನ ಹಾಗೇ ಇಳಿದರೆ ಕೊರತೆ ಇರುವುದು ಒಳಗೆ ಬರುವ ಗಾಳಿಗೆ. ಮುಖವಾಡ ತೆಗೆದರೂ ಇಳಿಯದಿದ್ದರೆ ಹಿಂದಿನ ಫ್ಯಾನ್ ತಿರುಗುತ್ತಿದೆಯಾ, ಅದರ ದಿಕ್ಕು ಸರಿಯಿದೆಯಾ, ಕ್ಯಾಬಿನೆಟ್ಟಿನ ಬೆನ್ನು ಗೋಡೆಗೆ ಅಂಟಿದೆಯಾ ನೋಡಿ. ಕಂಪ್ಯೂಟರ್ ಟೇಬಲ್ಲಿನ ಮರದ ಗೂಡಿನಲ್ಲಿ ತೂರಿಸಿಟ್ಟ ಕ್ಯಾಬಿನೆಟ್‌ಗಳಲ್ಲಿ ಇದೇ ಜಾಸ್ತಿ. ಹಿಂದೆ ಒಂದು ಗೇಣು ಜಾಗ ಬಿಡಿ. ಇಲ್ಲದಿದ್ದರೆ ಹೊರಗೆ ಹೋದ ಬಿಸಿ ಗಾಳಿ ಅದೇ ಗೂಡಿನಲ್ಲಿ ಸುತ್ತಿಕೊಂಡು ಮತ್ತೆ ಮುಂದಿನಿಂದ ಒಳಗೆ ಬರುತ್ತದೆ.

ಹುಬ್ಬಳ್ಳಿಯ ಅಂಕಿಗಳು ಹೀಗಿದ್ದವು. ರೈಜೆನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಕಾರ್ಡ್, ಕೋಣೆ 30 ಡಿಗ್ರಿ. ಎಲ್ಲ ಮುಚ್ಚಿದಾಗ ಕಾರ್ಡ್ 83, ಪ್ರೊಸೆಸರ್ 78. ಪಕ್ಕದ ಬಾಗಿಲು ತೆಗೆದಾಗ ಕಾರ್ಡ್ 71. ಬಾಗಿಲು ಹಾಕಿ ಮುಖವಾಡ ಕಳಚಿದಾಗ 73. ಅಂದರೆ ಗಂಟು ಮುಂದೆಯೇ ಇತ್ತು. ಅವನ ಕ್ಯಾಬಿನೆಟ್ಟಿನ ಮುಖ ಪೂರ್ತಿ ಗಾಜು. ಗಾಳಿ ಬರಬೇಕಾದದ್ದು ಗಾಜಿನ ಎರಡೂ ಅಂಚಿನ ಕಿರುಬೆರಳಗಲದ ಸೀಳಿನಿಂದ. ಆ ಸೀಳಿನ ಹಿಂದೆ ಒಂದೇ ಫ್ಯಾನ್. ಅದರ ಗಾಳಿಗಾಗಿ ಮೇಲಿನ ಎರಡು, ಹಿಂದಿನ ಒಂದು ಕಿತ್ತಾಡುತ್ತಿದ್ದವು.

ಮೇಲಿನ ಎರಡರಲ್ಲಿ ಮುಂದಕ್ಕಿದ್ದ ಫ್ಯಾನನ್ನು ಮೊದಲು ಕಳಚು ಅಂದೆ. ಅವನಿಗೆ ಮನಸ್ಸಿರಲಿಲ್ಲ. ಬಿಸಿ ಇಳಿಸೋಕೆ ಹೊರಟು ಫ್ಯಾನ್ ಕಡಿಮೆ ಮಾಡುವುದಾ ಅಂತ. ಕಳಚಿ ಅರ್ಧ ಗಂಟೆ ಓಡಿಸಿದ. ಪ್ರೊಸೆಸರ್ 78 ಇದ್ದದ್ದು 75ಕ್ಕೆ ಬಂತು. ಮೇಲೆ ಮುಂಭಾಗದಲ್ಲಿ ಕೂತ ಎಕ್ಸಾಸ್ಟ್ ಫ್ಯಾನ್, ಮುಂದಿನಿಂದ ಬಂದ ತಂಪು ಗಾಳಿ ಪ್ರೊಸೆಸರಿನ ಕೂಲರ್ ಮುಟ್ಟುವ ಮುಂಚೆಯೇ ಅದನ್ನು ಮೇಲಿನಿಂದ ಹೊರಗೆ ಎಸೆಯುತ್ತಿತ್ತು. ಹೊರಗೆ ತಳ್ಳಬೇಕಾದದ್ದು ಬಿಸಿ ಗಾಳಿಯನ್ನು, ಅದು ಸಿಗುವುದು ಕೂಲರ್ ದಾಟಿದ ಮೇಲೆ, ಹಿಂದಿನ ಮೂಲೆಯಲ್ಲಿ.

ಆಮೇಲೆ ಮೇಲಿನ ಎರಡೂ ಫ್ಯಾನ್ ಮುಂದಕ್ಕೆ ಹೋದವು. ಮುಂದೆ ಮೂರು ಒಳಗೆ, ಹಿಂದೆ ಒಂದು ಹೊರಗೆ. ಕಾರ್ಡ್ 76, ಪ್ರೊಸೆಸರ್ 70. ಗಾಜಿನ ಮುಖ ಇನ್ನೂ ಅಡ್ಡ ಇತ್ತಲ್ವಾ? ಅದನ್ನು ಹಿಡಿದ ನಾಲ್ಕು ಸ್ಕ್ರೂಗಳಿಗೆ ಉದ್ದ ಸ್ಕ್ರೂ ಹಾಕಿ, ಮಧ್ಯೆ ರಬ್ಬರ್ ಬುಷ್ ಕೊಟ್ಟು, ಗಾಜನ್ನು ಒಂದು ಸೆಂಟಿಮೀಟರ್ ಮುಂದಕ್ಕೆ ತಂದ. ಕಾರ್ಡ್ 74ಕ್ಕೆ ನಿಂತಿತು. ಮುಖವಾಡ ಇಲ್ಲದಾಗ 73 ಇದ್ದದ್ದು ನೆನಪಿರಲಿ. ಇನ್ನು ಅಲ್ಲಿ ಗಳಿಸುವುದಕ್ಕೆ ಏನೂ ಉಳಿದಿಲ್ಲ. ಟಿಶ್ಯೂ ಪಟ್ಟಿ ಈಗ ಹಿಂದಿನ ಸ್ಲಾಟ್‌ಗಳಿಂದ ಹೊರಗೆ ಹಾರುತ್ತಿತ್ತು. ಖರ್ಚು ಸ್ಕ್ರೂ, ಬುಷ್ ಮತ್ತು ಮೇಲಿನ ಖಾಲಿ ತೂತುಗಳಿಗೆ ಹಾಕಿದ ಮ್ಯಾಗ್ನೆಟ್ ಜಾಲರಿ, ಅಷ್ಟೇ. ಓಡುವಾಗ ಆ ತೂತುಗಳಿಂದ ಗಾಳಿ ಹೊರಗೇ ಬರುತ್ತದೆ. ಆದರೆ ಆಫ್ ಆಗಿದ್ದಾಗ ಮೇಲಿನಿಂದ ಧೂಳು ಉದುರುತ್ತದೆ, ಜಾಲರಿ ಅದಕ್ಕೆ.

ಮೂರು ಒಳಗೆ, ಒಂದು ಹೊರಗೆ ಅನ್ನುವುದು ಬಹಳ ಹೆಚ್ಚಾಯಿತು ಅನಿಸಬಹುದು. ಲೆಕ್ಕದಲ್ಲಿ ಹೌದು. ಆದರೆ ಮುಂದಿನ ಫ್ಯಾನ್‌ಗಳು ಜಾಲರಿ, ಮುಖವಾಡ ಎರಡನ್ನೂ ದಾಟಿ ಎಳೆಯಬೇಕು. ಹಿಂದಿನದರ ಮುಂದೆ ಬರೀ ತೂತು. ಹಾಗಾಗಿ ಒಂದೇ ಅಳತೆಯ, ಒಂದೇ ವೇಗದ ಫ್ಯಾನ್‌ಗಳಲ್ಲಿ ಒಂದು ಒಳಗೆ, ಒಂದು ಹೊರಗೆ ಇಟ್ಟರೆ ಸಾಮಾನ್ಯವಾಗಿ ನೆಗೆಟಿವ್ ಕಡೆಗೇ ವಾಲುತ್ತದೆ. ಎರಡಕ್ಕೆ ಒಂದು ಬಹಳ ಕ್ಯಾಬಿನೆಟ್‌ಗಳಿಗೆ ಸಾಕು. ಮುಖ ಬಿಗಿಯಾಗಿದ್ದರೆ ಮೂರಕ್ಕೆ ಒಂದು. ಹಿಂದಿನ ಫ್ಯಾನನ್ನು ಮಾತ್ರ ಪೂರ್ತಿ ತೆಗೆಯಬೇಡಿ. ಅದು ಇಲ್ಲದಿದ್ದರೆ ಬಿಸಿ ಗಾಳಿಗೆ ಯಾವ ಕಡೆ ಹೋಗಬೇಕು ಅನ್ನುವ ದಿಕ್ಕೇ ಇರುವುದಿಲ್ಲ, ಪ್ರೊಸೆಸರಿನ ಸುತ್ತಲೇ ನಿಲ್ಲುತ್ತದೆ.

ಲಕ್ಷಣ: ಫ್ಯಾನ್ ತಿರುಗುತ್ತಿದೆ, ಆದರೆ ಗಾಳಿ ಉಲ್ಟಾ

ಮುಂದಿನ ಫ್ಯಾನಿನ ಎದುರು ಟಿಶ್ಯೂ ಹಿಡಿದರೆ ಅದು ಜಾಲರಿಗೆ ಅಂಟಬೇಕು. ಹಾರಿದರೆ ಫ್ಯಾನ್ ತಿರುವುಮುರುವಾಗಿ ಕೂತಿದೆ. ಮಾಮೂಲಿ ಫ್ಯಾನಿನಲ್ಲಿ ಮೋಟಾರನ್ನು ಹಿಡಿದ ಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಗೆ ಬರುತ್ತದೆ. ಬೆನ್ನ ಮೇಲೆ ಸ್ಟಿಕ್ಕರ್ ಇರುವುದೂ ಆ ಕಡೆಯೇ. ಕೆಲವುಗಳ ಅಂಚಿನಲ್ಲಿ ಬಾಣದ ಗುರುತಿರುತ್ತದೆ. ಆದರೆ ಈಚೆಗೆ ಲೈಟಿನ ಅಂದ ಕಾಣಲಿ ಅಂತ ರಿವರ್ಸ್ ಬ್ಲೇಡ್ ಫ್ಯಾನ್‌ಗಳು ಬಂದಿವೆ. ಅವುಗಳಲ್ಲಿ ಗಾಳಿ ಕಡ್ಡಿ ಇರುವ ಕಡೆಯಿಂದ ಒಳಗೆ ಹೋಗಿ ಬ್ಲೇಡ್ ಕಾಣುವ ಕಡೆಯಿಂದ ಬರುತ್ತದೆ. ಕಣ್ಣನ್ನು ನಂಬಬೇಡಿ, ಟಿಶ್ಯೂ ಹಿಡಿದೇ ನೋಡಿ.

ಎಸ್‌ಎಂಪಿಎಸ್ ಕೆಳಗಿದ್ದು, ಕ್ಯಾಬಿನೆಟ್ಟಿನ ತಳದಲ್ಲಿ ಜಾಲರಿ ಇದ್ದರೆ ಅದರ ಫ್ಯಾನ್ ಮುಖ ಕೆಳಗೆ ಇರಲಿ. ಹೊರಗಿನಿಂದ ಎಳೆದು ಹೊರಗೇ ಬಿಡುತ್ತದೆ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮುಖ ಮೇಲಿದ್ದರೆ ಅದು ಕ್ಯಾಬಿನೆಟ್ ಗಾಳಿಯನ್ನೇ ಎಳೆದು ಹೊರಗೆ ಬಿಡುತ್ತದೆ. ಅದನ್ನೂ ಒಂದು ಎಕ್ಸಾಸ್ಟ್ ಅಂತಲೇ ಎಣಿಸಿ.

ಲಕ್ಷಣ: ಸರಿ ಮಾಡಿದ ಮೇಲೆ ಚೆನ್ನಾಗಿತ್ತು, ಕೆಲವು ತಿಂಗಳಿಗೆ ಮತ್ತೆ ಅದೇ ಕಥೆ

ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಪಾಸಿಟಿವ್ ಪ್ರೆಷರ್ ಒಂದು ಸಲ ಸಾಧಿಸಿ ಮರೆತುಬಿಡುವ ವಿಷಯ ಅಲ್ಲ. ಧೂಳೆಲ್ಲ ಜಾಲರಿಯಲ್ಲಿ ಸೇರಲಿ ಅಂತ ನಾವೇ ಏರ್ಪಾಡು ಮಾಡಿದ್ದೇವೆ, ಅದು ಸೇರುತ್ತದೆ. ಜಾಲರಿ ಕಟ್ಟಿಕೊಂಡ ಹಾಗೆಲ್ಲ ಮುಂದಿನ ಫ್ಯಾನ್‌ಗಳಿಗೆ ಸಿಗುವ ಗಾಳಿ ಕಡಿಮೆಯಾಗುತ್ತದೆ. ಹಿಂದಿನ ಫ್ಯಾನಿಗೆ ಜಾಲರಿಯೇ ಇಲ್ಲ, ಅದರ ಜೋರು ಹಾಗೇ ಇರುತ್ತದೆ. ಒಂದು ದಿನ ತಕ್ಕಡಿ ಆ ಕಡೆ ವಾಲುತ್ತದೆ. ಮೂರು ಫ್ಯಾನ್ ಮುಂದೆ ಇದ್ದರೂ ಕ್ಯಾಬಿನೆಟ್ ಮತ್ತೆ ನೆಗೆಟಿವ್, ಧೂಳು ಮತ್ತೆ ಹಿಂದಿನ ಸಂದಿನಿಂದ.

ಹಾಗಾಗಿ ಬಿಸಿ ಏರಿದ್ದು ಕಂಡರೆ ಬೇರೆಲ್ಲದಕ್ಕಿಂತ ಮುಂಚೆ ಜಾಲರಿ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಮಂಕಾಗಿ ಕಂಡರೆ ತೊಳೆಯಿರಿ. ನೈಲಾನ್ ಜಾಲರಿಯನ್ನು ನಲ್ಲಿ ನೀರಿಗೆ, ಧೂಳು ಕೂತ ಕಡೆ ಕೆಳಗೆ ಮಾಡಿ ಹಿಡಿಯಿರಿ. ಆಗ ನೀರು ಹಿಂದಿನಿಂದ ಧೂಳನ್ನು ಹೊರಗೆ ತಳ್ಳುತ್ತದೆ. ಪೂರ್ತಿ ಒಣಗದೆ ಹಾಕಬೇಡಿ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಒಂದು ರಾತ್ರಿ ಸಾಲದು, ಫ್ಯಾನ್ ಕೆಳಗೆ ಇಟ್ಟು ಒಣಗಿಸಿ. ಆ ಭಾಗದಲ್ಲಿ ತೇವಕ್ಕೆ ಧೂಳು ಉದುರದೆ ಕಂಬಳಿಯ ಹಾಗೆ ಅಂಟಿಕೊಳ್ಳುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿದರೆ ಬಿಡುವುದಿಲ್ಲ, ನೀರೇ ಬೇಕು. ರಸ್ತೆ ಬದಿಯ ಮನೆಯಾದರೆ ತಿಂಗಳಿಗೊಮ್ಮೆ ನೋಡಿ. ಸ್ಪಂಜಿನ ಫಿಲ್ಟರ್ ಇದ್ದರೆ ಇನ್ನೂ ಬೇಗ. ಅದು ಧೂಳು ಚೆನ್ನಾಗಿ ಹಿಡಿಯುತ್ತದೆ, ಗಾಳಿಯನ್ನೂ ಅಷ್ಟೇ ಹಿಡಿಯುತ್ತದೆ.

ಒಳಗಿನ ಧೂಳಿಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ಅಳತೆ ಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಮದರ್‌ಬೋರ್ಡ್ ಹತ್ತಿರ ಒಯ್ಯಬೇಡಿ, ಸ್ಟ್ಯಾಟಿಕ್ ಚಾರ್ಜ್‌ನಿಂದ ತೊಂದರೆ ಆಗಬಹುದು.

ಲಕ್ಷಣ: ಕಾರ್ಡ್ ಬಿಸಿಯೇರುತ್ತಿದೆ, ಕ್ಯಾಬಿನೆಟ್ ಫ್ಯಾನ್‌ಗಳು ಮಾತ್ರ ನಿಧಾನ

ಫ್ಯಾನ್‌ಗಳು ಮದರ್‌ಬೋರ್ಡಿನ CHA_FAN ಅಥವಾ SYS_FAN ಪಿನ್‌ಗಳಿಗೆ ಸೇರಿದ್ದರೆ, ಅವುಗಳ ವೇಗ ಹೆಚ್ಚಾಗಿ ಪ್ರೊಸೆಸರಿನ ಬಿಸಿ ನೋಡಿ ಏರಿಳಿಯುತ್ತದೆ. ಗೇಮಿನಲ್ಲಿ ಪ್ರೊಸೆಸರ್ 60ರಲ್ಲಿ ಆರಾಮಾಗಿರುತ್ತದೆ, ಕಾರ್ಡ್ 80 ದಾಟಿರುತ್ತದೆ. ಫ್ಯಾನ್‌ಗಳಿಗೆ ಕಾರ್ಡಿನ ಸುದ್ದಿಯೇ ಮುಟ್ಟುವುದಿಲ್ಲ. ಬಯೋಸ್‌ಗೆ ಹೋಗಿ ಮುಂದಿನ ಫ್ಯಾನ್‌ಗಳ ಕನಿಷ್ಠ ವೇಗವನ್ನು 50ರಿಂದ 60 ಶೇಕಡಕ್ಕೆ ಏರಿಸಿ, ಹಿಂದಿನದನ್ನು ಅದಕ್ಕಿಂತ ಸ್ವಲ್ಪ ಕೆಳಗೆ ಇಡಿ. ಪಾಸಿಟಿವ್ ಕಡೆ ವಾಲಿಸಲು ಎಷ್ಟೋ ಸಲ ಇಷ್ಟೇ ಸಾಕು, ಸ್ಕ್ರೂಡ್ರೈವರ್ ಬೇಕಾಗುವುದಿಲ್ಲ. ಬದಲಿಸಿದ ಮೇಲೆ ಟಿಶ್ಯೂ ಹಿಡಿದು ನೋಡಿ. ಅಗ್ಗದ ಲೈಟಿನ ಫ್ಯಾನ್‌ಗಳು ಕೆಲವು ಎಸ್‌ಎಂಪಿಎಸ್‌ನಿಂದ ನೇರ ಕರೆಂಟ್ ತಗೊಳ್ಳುತ್ತವೆ, ಅವಕ್ಕೆ ಈ ಉಪಾಯ ನಡೆಯದು.

ಒಂದೇ ಪಿನ್ನಿನಿಂದ ಕವಲು ವೈರ್ ಎಳೆದು ನಾಲ್ಕೈದು ಫ್ಯಾನ್ ಹಾಕುವುದು ಬೇಡ. ಬಹುಪಾಲು ಬೋರ್ಡ್‌ಗಳಲ್ಲಿ ಒಂದು ಪಿನ್‌ಗೆ 1 ಆಂಪಿಯರ್ ಮಿತಿ. ಫ್ಯಾನಿನ ಬೆನ್ನಿನ ಸ್ಟಿಕ್ಕರ್‌ನಲ್ಲಿ ಆಂಪಿಯರ್ ಬರೆದಿರುತ್ತದೆ, ಕೂಡಿ ನೋಡಿ.

ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ಬಾಗಿಲು, ಮುಖವಾಡ ಎರಡೂ ತೆಗೆದು ಓಡಿಸಿದರೂ ಬಿಸಿ ಇಳಿಯದಿದ್ದರೆ ಕ್ಯಾಬಿನೆಟ್ ಗಾಳಿಯ ತಪ್ಪಲ್ಲ. ಕೂಲರ್ ಸಡಿಲವಾಗಿರಬಹುದು, ಅದರ ಕೆಳಗೆ ಬಿಸಿ ದಾಟಿಸಲು ಹಚ್ಚಿದ ಪೇಸ್ಟ್ ಒಣಗಿರಬಹುದು, ನೀರಿನ ಕೂಲರ್ ಆದರೆ ಪಂಪ್ ನಿಂತಿರಬಹುದು. ಏನೂ ಕೆಲಸ ಇಲ್ಲದಾಗಲೂ ಪ್ರೊಸೆಸರ್ 80 ದಾಟುತ್ತಿದ್ದರೆ ಅಂತೂ ಫ್ಯಾನ್ ಜಾಗ ಬದಲಿಸುತ್ತಾ ಕೂರಬೇಡಿ, ಮೊದಲು ಆಫ್ ಮಾಡಿ. ರೈಜೆನ್ 5 5600ಕ್ಕೆ ಕಂಪನಿ ಹೇಳಿದ ಗರಿಷ್ಠ 90 ಡಿಗ್ರಿ, ಆರ್‌ಟಿಎಕ್ಸ್ 3060ಕ್ಕೆ 93. ಆ ಹತ್ತಿರ ಹೋದಾಗ ಅವೇ ವೇಗ ತಗ್ಗಿಸಿಕೊಳ್ಳುತ್ತವೆ. ಗೇಮ್ ತಡವರಿಸುವುದು ಅದಕ್ಕೇ.

ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಪೇಸ್ಟ್ ಹಾಕುವ ಮುನ್ನ ವಾರಂಟಿ ನೋಡಿ, ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ತಕರಾರು ಬರಬಹುದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರ ಫ್ಯಾನ್ ಭಾರೀ ಹೊರೆಯಲ್ಲೂ ತಿರುಗದಿದ್ದರೆ, ಸುಟ್ಟ ವಾಸನೆ ಬಂದರೆ, ವೈರ್ ತೆಗೆದು ಅಂಗಡಿಗೆ ಒಯ್ಯಿರಿ. ಕರೆಂಟ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಪ್ರಾಣಕ್ಕೆ ಅಪಾಯ ಮಾಡುವಷ್ಟು ಚಾರ್ಜ್ ಉಳಿದಿರುತ್ತದೆ.

ಇನ್ನೊಂದು. ಟಿಶ್ಯೂ ಹಿಡಿಯುವಾಗ ಕೈ ಕ್ಯಾಬಿನೆಟ್ಟಿನ ತಗಡಿಗೆ ತಗುಲಿ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಸಾಮಾನ್ಯವಾಗಿ ಅದು ಮನೆಯ ಅರ್ಥಿಂಗ್ ಸರಿಯಿಲ್ಲದ ಗುರುತು. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ಬಂದು ಆ ಮೂರನೇ ಪಿನ್ ನೋಡುವವರೆಗೆ ಕ್ಯಾಬಿನೆಟ್ ಮುಟ್ಟಬೇಡಿ.